ಫೋಟೊದಲ್ಲಿರುವುದು ಯಾವ ಸ್ಪ್ರೇಯರ್? ಟ್ಯಾಂಕ್, ಹಿಡಿ, ನಾಝಲ್ ನೋಡಿ ತಿಳಿಯುವುದು ಹೀಗೆ

ಮಳೆಗಾಲ ಶುರುವಾಗುವ ಹೊತ್ತಿಗೆ ಕರಾವಳಿಯ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಗಡಿಬಿಡಿ. ಹಳೆಯ ಪಂಪು ಮಾರಾಟಕ್ಕಿದೆ ಎಂದೋ, ಈ ಪಂಪಿಗೆ ವಾಷರ್ ಬೇಕೆಂದೋ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತವೆ. ಕೆಳಗೆ ಬರೆದಿರುವುದು ‘ಸ್ಪ್ರೇಯರ್’ ಎಂದು ಮಾತ್ರ. ಬೆನ್ನಿಗೆ ಹಾಕುವುದೋ, ಕೈಪಂಪೋ, ಎಂಜಿನ್ನಿನದೋ ಎಂದು ತಿಳಿಯದೆ ಅಂಗಡಿಗೆ ಹೋದರೆ ತಂದ ವಾಷರ್ ಕೂರುವುದಿಲ್ಲ. ಬಾಡಿಗೆಗೆ ಹೇಳಿದರೆ ಅಡಿಕೆ ಮರಕ್ಕೆ ಏರದ ಪಂಪು ಅಂಗಳಕ್ಕೆ ಬಂದು ನಿಲ್ಲುತ್ತದೆ.

ಹೆಚ್ಚಿನ ಸ್ಪ್ರೇಯರ್‌ಗಳು ಮಾಡುವ ಕೆಲಸ ಒಂದೇ: ದ್ರಾವಣವನ್ನು ಒತ್ತಡದಲ್ಲಿ ಸಣ್ಣ ತೂತಿನಿಂದ ಹೊರಗೆ ತಳ್ಳುವುದು. ಆ ಒತ್ತಡ ಎಲ್ಲಿ ಹುಟ್ಟುತ್ತದೆ ಎಂಬುದರಲ್ಲಿ ಅವುಗಳ ವ್ಯತ್ಯಾಸ. ಫೋಟೊ ನೋಡುವಾಗ ಈ ಒಂದು ಪ್ರಶ್ನೆಯನ್ನು ಬಿಡದೆ ಹಿಡಿದುಕೊಳ್ಳಿ.

ಮೊದಲು ಟ್ಯಾಂಕ್

ಟ್ಯಾಂಕ್ ಉರುಟಾಗಿದೆಯೇ, ಚಪ್ಪಟೆಯಾಗಿದೆಯೇ ನೋಡಿ. ಕೈಪಂಪಿನ ಸ್ಪ್ರೇಯರ್‌ನಲ್ಲಿ ಗಾಳಿಯನ್ನು ಟ್ಯಾಂಕಿನೊಳಗೇ ತುಂಬುತ್ತಾರೆ, ಹಾಗಾಗಿ ಒತ್ತಡವನ್ನೆಲ್ಲ ಟ್ಯಾಂಕೇ ತಾಳಬೇಕು. ಚಪ್ಪಟೆ ಟ್ಯಾಂಕಾದರೆ ಉಬ್ಬುತ್ತದೆ, ಆದ್ದರಿಂದ ಅದು ಯಾವತ್ತೂ ಉರುಟು. ದ್ರಾವಣವನ್ನು ಪೂರ್ತಿ ತುಂಬುವುದೂ ಇಲ್ಲ, ಮುಕ್ಕಾಲು ಭಾಗ ತುಂಬಿ ಉಳಿದದ್ದನ್ನು ಗಾಳಿಗೆ ಬಿಡುತ್ತಾರೆ. ಬಿಳಿ ಪ್ಲಾಸ್ಟಿಕ್ ಟ್ಯಾಂಕಾದರೆ ಈ ಖಾಲಿ ಜಾಗ ಫೋಟೊದಲ್ಲೂ ಕಾಣುತ್ತದೆ. ಹಳೆಯ ಮನೆಗಳಲ್ಲಿ ಇದೇ ಆಕಾರದ ಹಿತ್ತಾಳೆಯವು ಈಗಲೂ ಸಿಗುತ್ತವೆ. ಮದ್ದಿನಲ್ಲಿರುವ ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಅದಕ್ಕೇ ಹಿತ್ತಾಳೆ.

ಬೆನ್ನಿಗೆ ಹಾಕುವ ಸ್ಪ್ರೇಯರ್‌ನಲ್ಲಿ ಟ್ಯಾಂಕಿಗೆ ಒತ್ತಡವೇ ಇಲ್ಲ. ಒಳಗೆ ಬೇರೆಯೇ ಒಂದು ಸಣ್ಣ ಕೋಣೆಯಲ್ಲಿ ಒತ್ತಡ ಹುಟ್ಟುತ್ತದೆ, ಟ್ಯಾಂಕ್ ಬರೀ ದ್ರಾವಣದ ಪಾತ್ರೆ. ಹಾಗಾಗಿ ಅದು ಬೆನ್ನಿಗೆ ಒರಗುವಂತೆ ಚಪ್ಪಟೆಯಾಗಿರಬಹುದು, ಬಾಯಿ ಅಗಲವಾಗಿರಬಹುದು. ಸಾಮಾನ್ಯವಾಗಿ 16 ಲೀಟರ್ ಹಿಡಿಯುತ್ತದೆ, ಎರಡೂ ಹೆಗಲಿಗೆ ಪಟ್ಟಿ ಇರುತ್ತದೆ.

ಎಂಜಿನ್ ಇರುವುದನ್ನೂ ಬೆನ್ನಿಗೆ ಹಾಕುತ್ತಾರೆ. ಇಲ್ಲಿಯೇ ಹೆಚ್ಚು ಗೊಂದಲ. ಅದಕ್ಕೆ ನಾನು ಮುಚ್ಚಳ ಎಣಿಸಿ ಎನ್ನುತ್ತೇನೆ. ದ್ರಾವಣದ ದೊಡ್ಡ ಮುಚ್ಚಳದ ಜೊತೆಗೆ ಕೆಳಗೆಲ್ಲೋ ಪೆಟ್ರೋಲಿನ ಸಣ್ಣ ಟ್ಯಾಂಕಿನದ್ದೊಂದು ಮುಚ್ಚಳ ಕಂಡರೆ ಅದು ಎಂಜಿನ್. ಕಂಬಿಯ ಚೌಕಟ್ಟು ಮತ್ತು ಸೈಲೆನ್ಸರ್ ಕೂಡ ಕಾಣಬೇಕು. ಒಂದೇ ಮುಚ್ಚಳವಿದ್ದು, ಟ್ಯಾಂಕಿನ ಬುಡ ದಪ್ಪಗಿದ್ದು, ಅಲ್ಲಿ ಸ್ವಿಚ್ಚೋ ಚಾರ್ಜರ್ ಚುಚ್ಚುವ ತೂತೋ ಇದ್ದರೆ ಅದು ಬ್ಯಾಟರಿಯದು. ಬ್ಯಾಟರಿಯದನ್ನು ‘ಪವರ್ ಸ್ಪ್ರೇಯರ್’ ಎಂದು ಕರೆದು ಎಂಜಿನ್ನಿನ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅದು ತಪ್ಪು. ಅದರ ಒತ್ತಡ ಬೆನ್ನಿನ ಪಂಪಿನಷ್ಟೇ ಸಾಧಾರಣ, ಎತ್ತರದ ಮರಕ್ಕೆ ಸಾಲುವುದಿಲ್ಲ.

ಆಮೇಲೆ ಹಿಡಿ

ಕೈ ಹಾಕುವ ಜಾಗ ಸುಳ್ಳು ಹೇಳುವುದು ಕಡಿಮೆ. ಟ್ಯಾಂಕಿನ ತಲೆಯ ನಡುವಿನಿಂದ ಮೇಲೆ ಎದ್ದ, ಸೈಕಲ್ ಪಂಪಿನಂಥ ಅಡ್ಡಹಿಡಿ ಇದ್ದರೆ ಅದು ಕೈಪಂಪು. ನೆಲದಲ್ಲಿಟ್ಟು ಮೊದಲೇ ಗಾಳಿ ಹೊಡೆದು, ಆಮೇಲೆ ಒಂದು ಹೆಗಲಿಗೆ ನೇತು ಹಾಕಿಕೊಂಡು ಬಿಡುತ್ತಾರೆ. ಬಿಡುವಾಗ ಒಂದು ಕೈ ಖಾಲಿ ಇರುತ್ತದೆ.

ಬೆನ್ನಿನ ಪಂಪಿಗೆ ಬದಿಯಿಂದ ಸೊಂಟದ ಮುಂದಕ್ಕೆ ಬರುವ ಉದ್ದದ ಹಿಡಿ ಇರುತ್ತದೆ, ಹೆಚ್ಚಾಗಿ ಎಡಗಡೆ. ಬಿಡುವಷ್ಟು ಹೊತ್ತೂ ಅದನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರಬೇಕು. ಫೋಟೊ ಬಲಗಡೆಯಿಂದ ತೆಗೆದಿದ್ದರೆ ಹಿಡಿ ಮೈಯ ಹಿಂದೆ ಮರೆಯಾಗುತ್ತದೆ. ಆಗ ಎಡಗೈ ನೋಡಿ. ಮೊಣಕೈ ಮಡಚಿ, ಮುಷ್ಟಿ ಸೊಂಟದ ಎತ್ತರದಲ್ಲಿದ್ದರೆ ಅಲ್ಲೊಂದು ಹಿಡಿ ಇರುವ ಸಾಧ್ಯತೆ ಜಾಸ್ತಿ. ಬ್ಯಾಟರಿ ಮತ್ತು ಹಿಡಿ ಎರಡೂ ಇರುವ ಪಂಪುಗಳು ಬಂದಿವೆ, ಆದ್ದರಿಂದ ಹಿಡಿ ಕಂಡ ಮಾತ್ರಕ್ಕೆ ಬ್ಯಾಟರಿ ಇಲ್ಲ ಎಂದು ತೀರ್ಮಾನಿಸಬೇಡಿ. ಬುಡವನ್ನೂ ನೋಡಿ. ಎಂಜಿನ್ನಿಗಾದರೆ ಪಂಪಿಂಗಿನ ಹಿಡಿಯೇ ಇಲ್ಲ, ಸ್ಟಾರ್ಟ್ ಮಾಡಲು ಎಳೆಯುವ ಹಗ್ಗದ ಸಣ್ಣ ಹಿಡಿ ಮಾತ್ರ.

ಕೊನೆಗೆ ನಾಝಲ್

ತೋಟದ ಫೋಟೊದಲ್ಲಿ ನಾಝಲಿನ ತೂತು ಎಷ್ಟು ದೊಡ್ಡ ಮಾಡಿದರೂ ಕಾಣುವುದಿಲ್ಲ. ಹಾಗಾಗಿ ನಾಝಲಿಗಿಂತ ಅದರ ಹಿಂದಿನ ಕೊಳವೆಯನ್ನೂ ಮುಂದಿನ ಹನಿಯನ್ನೂ ನೋಡುವುದು ಮೇಲು. ನಾಝಲ್ ಕೂರುವ ಸಪೂರ ಕೊಳವೆ, ಅಂದರೆ ಲ್ಯಾನ್ಸ್, ಹೆಚ್ಚಿನವಕ್ಕೆಲ್ಲ ಇದೆ, ಅದರಿಂದ ಏನೂ ತಿಳಿಯದು. ಆದರೆ ಮಡಿಕೆ ಮಡಿಕೆಯಾದ ದಪ್ಪ ಕೊಳವೆ ಬದಿಯಿಂದ ಮುಂದಕ್ಕೆ ಚಾಚಿದ್ದು, ತುದಿಯಿಂದ ಮಂಜಿನಂಥ ಹನಿ ಹೋಗುತ್ತಿದ್ದರೆ ಅದು ಮಿಸ್ಟ್ ಬ್ಲೋವರ್. ಅಲ್ಲಿ ಎಂಜಿನ್ ಫ್ಯಾನ್ ತಿರುಗಿಸುತ್ತದೆ, ಹನಿಯನ್ನು ಗಾಳಿ ಹೊತ್ತೊಯ್ಯುತ್ತದೆ. ನಾಝಲಿನ ತಲೆಗೆ ಪ್ಲಾಸ್ಟಿಕ್ ಕೊಡೆ ಕಂಡರೆ ಕಳೆನಾಶಕದ ಕೆಲಸ ಎಂದಷ್ಟೇ ಹೇಳಬಹುದು, ಪಂಪು ಯಾವುದೆಂದು ಅದು ಹೇಳುವುದಿಲ್ಲ.

ಒಂದು ಫೋಟೊ ಬಿಡಿಸಿ ನೋಡೋಣ

ಕಾರ್ಕಳ ಕಡೆಯ ಅಡಿಕೆ ತೋಟ, ಕೊಳೆರೋಗಕ್ಕೆ ಬೋರ್ಡೋ ಬಿಡುತ್ತಿರುವ ಹೊತ್ತು ಎಂದಿಟ್ಟುಕೊಳ್ಳಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣದ ಶೇ 1ರ ದ್ರಾವಣ. ಫೋಟೊದಲ್ಲಿ ಒಬ್ಬರು ನೆಲದಲ್ಲಿ ನಿಂತು ಉದ್ದದ ದೋಟಿಯನ್ನು ಗೊನೆಯತ್ತ ಎತ್ತಿದ್ದಾರೆ. ಬೆನ್ನಲ್ಲಿ ಏನೂ ಇಲ್ಲ. ದೋಟಿಗೆ ಕಟ್ಟಿದ ಪೈಪಿನ ಮೇಲೆ ನೀಲಿ ಕಲೆ. ಮೂಲೆಯಲ್ಲಿ ಅರ್ಧ ಕಾಣುವ ಡ್ರಮ್ಮು.

ಬೆನ್ನಲ್ಲಿ ಟ್ಯಾಂಕ್ ಇಲ್ಲ, ಹೆಗಲಲ್ಲಿ ಉರುಟು ಪಾತ್ರೆಯೂ ಇಲ್ಲ. ಅಲ್ಲಿಗೆ ಬೆನ್ನಿನ ಪಂಪು, ಗಾಳಿ ತುಂಬುವ ಕೈಪಂಪು ಎರಡೂ ಹೋದವು. ಉಳಿದದ್ದು ಡ್ರಮ್ಮಿನಿಂದ ಎಳೆಯುವ ಪಂಪುಗಳು. ಅವುಗಳಲ್ಲಿ ಒಂದು ಹಲಗೆಯ ಮೇಲೆ ಕೂರಿಸಿದ ರಾಕರ್, ಇನ್ನೊಂದು ಎಂಜಿನ್ನಿಗೆ ಬೆಲ್ಟ್ ಹಾಕಿದ ಎಚ್‌ಟಿಪಿ.

ಈಗ ಡ್ರಮ್ಮಿನ ಬಾಯಿಯನ್ನು ದೊಡ್ಡದು ಮಾಡಿ, ಪೈಪು ಎಷ್ಟು ಎಂದು ನೋಡಿ. ರಾಕರ್‌ನದ್ದಾದರೆ ಡ್ರಮ್ಮಿಗೆ ಇಳಿಯುವುದು ದ್ರಾವಣ ಎಳೆಯುವ ಒಂದೇ ಪೈಪು. ಎಚ್‌ಟಿಪಿಯಲ್ಲಿ ಎಳೆಯುವ ಪೈಪಿನ ಜೊತೆ, ಹೆಚ್ಚಾದ ದ್ರಾವಣವನ್ನು ಡ್ರಮ್ಮಿಗೇ ವಾಪಸ್ ಬಿಡುವ ಇನ್ನೊಂದು ಪೈಪು ಇರುತ್ತದೆ. ನಮ್ಮ ಫೋಟೊದಲ್ಲಿ ಎರಡು ಪೈಪುಗಳಿವೆ, ಅಂದರೆ ಎಂಜಿನ್ ಅಥವಾ ಮೋಟರ್ ಚೌಕಟ್ಟಿನ ಹೊರಗೆ ಎಲ್ಲೋ ಇದೆ. ಒಂದೇ ಪೈಪು ಕಂಡಿದ್ದರೆ ನಿಂತ ಸನ್ನೆಯನ್ನು ಹಿಂದೆ ಮುಂದೆ ಎಳೆಯುವ ಎರಡನೇ ಆಳನ್ನು ಹುಡುಕಬೇಕಿತ್ತು, ಏಕೆಂದರೆ ರಾಕರ್‌ಗೆ ಇಬ್ಬರು ಬೇಕೇ ಬೇಕು. ಡ್ರಮ್ಮು ಫೋಟೊದಿಂದ ಪೂರ್ತಿ ಹೊರಗಿದ್ದರೆ ಮಾತ್ರ ಇವೆರಡರಲ್ಲಿ ಯಾವುದೆಂದು ಹೇಳಲು ದಾರಿಯಿಲ್ಲ. ನೀಲಿ ಕಲೆಯಾಗಲಿ ದೋಟಿಯಾಗಲಿ ಎರಡಕ್ಕೂ ಸಮಾನ.

ಅಂಥ ಸಂದರ್ಭದಲ್ಲಿ ಊಹಿಸುವುದಕ್ಕಿಂತ ಇನ್ನೊಂದು ಫೋಟೊ ಕೇಳುವುದೇ ಸರಿ. ಪಂಪನ್ನು ನೆಲದಲ್ಲಿಟ್ಟು ಎಡಗಡೆಯಿಂದ ಒಂದು, ಬುಡ ಕಾಣುವಂತೆ ಒಂದು, ಪೈಪು ಸೇರುವ ಜಾಗದ್ದೊಂದು ತೆಗೆದು ಕಳಿಸಲು ಹೇಳಿ. ಸೆಲ್ಫಿ ಕಳಿಸಿದರೆ ಟ್ಯಾಂಕಿನ ಮೇಲಿನ ಅಕ್ಷರ ತಿರುಗುಮುರುಗಾಗಿದೆಯೇ ಎಂದು ಮೊದಲು ಗಮನಿಸಿ. ಹಾಗಿದ್ದರೆ ಬಲಗಡೆ ಕಂಡ ಹಿಡಿ ನಿಜವಾಗಿ ಎಡಗಡೆಯದು.