ಪತ್ರಿಕಾ ಪ್ರಕಟಣೆಯಲ್ಲಿ ‘ಈಗಲೇ ಏಕೆ?’

ಸಣ್ಣ ಪೂರೈಕೆದಾರರ ಬಾಕಿ ಬಿಲ್‌ಗಳ ಲೆಕ್ಕವಿಡುವ ತಂತ್ರಾಂಶ ಸಂಸ್ಥೆಯೊಂದರ ಪ್ರಚಾರದ ಕೆಲಸ ನನ್ನದಾಗಿತ್ತು. ಹೊಸ ಆವೃತ್ತಿ ಬಿಡುಗಡೆಯಾಗುತ್ತಿದೆ, ಪತ್ರಿಕೆಯಲ್ಲಿ ಬರಬೇಕು ಎಂದು ಸಂಸ್ಥಾಪಕರು ಬಯಸಿದರು. ಅವರು ಬರೆದುಕೊಟ್ಟ ಕರಡಿಗೆ ನಾನು ಹಾಕಿದ ಪ್ರಶ್ನೆ ಒಂದೇ: ಇದನ್ನು ಮೂರು ತಿಂಗಳು ಬಿಟ್ಟು ಕಳುಹಿಸಿದರೆ ಏನಾದರೂ ಬದಲಾಗುತ್ತದೆಯೇ? ಏನೂ ಬದಲಾಗುತ್ತಿರಲಿಲ್ಲ. ಬಿಡುಗಡೆ ಸಂಸ್ಥೆಗೆ ದೊಡ್ಡ ದಿನ, ಓದುಗರಿಗಲ್ಲ.

ಈಗಲೇ ಬರೆಯಬೇಕೆನ್ನುವ ಕಾರಣ ಸಂಸ್ಥೆಯ ಹೊರಗಿತ್ತು. ದೊಡ್ಡ ಕಂಪನಿಗಳು ಪೂರೈಕೆದಾರರಿಗೆ ಗಡುವಿನೊಳಗೆ ಹಣ ಕೊಡಬೇಕೆಂಬ ನಿಯಮ ಮುಂದಿನ ತಿಂಗಳು ಜಾರಿಗೆ ಬರುವುದಿತ್ತು. ಬಿಲ್ ಕೊಟ್ಟ ದಿನಕ್ಕೂ ಹಣ ಕೈಸೇರಿದ ದಿನಕ್ಕೂ ನಡುವಿನ ಅಂತರ ನಮ್ಮ ದಾಖಲೆಗಳಲ್ಲೇ ಇತ್ತು. ಗ್ರಾಹಕರ ಒಪ್ಪಿಗೆ ಪಡೆದು, ಹೆಸರುಗಳನ್ನು ತೆಗೆದು, ಆ ಅಂತರವನ್ನು ಉದ್ಯಮವಾರು ಲೆಕ್ಕ ಹಾಕಿಸಿದೆ.

ಆಮೇಲೆ ಯಾರಿಗೆ ಕಳುಹಿಸುವುದು? ಸಣ್ಣ ಉದ್ದಿಮೆಗಳ ಸಾಲ, ನಗದಿನ ಕೊರತೆಯ ಬಗ್ಗೆ ಸತತವಾಗಿ ಬರೆಯುತ್ತಿದ್ದ ವರದಿಗಾರ್ತಿಯೊಬ್ಬರ ವರದಿಗಳನ್ನು ಓದಿದೆ. ಅವರ ಪ್ರತಿ ವರದಿಯಲ್ಲೂ ಒಬ್ಬ ಉದ್ಯಮಿಯ ಮಾತು ಇರುತ್ತಿತ್ತು. ಹಾಗಾಗಿ ಮಾತನಾಡಲು ಸಿದ್ಧರಿದ್ದ ಗ್ರಾಹಕರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡೆ.

ಇಮೇಲ್‌ನ ವಿಷಯದ ಸಾಲು ಹೀಗಿತ್ತು: ‘ಪಾವತಿ ಗಡುವು ಮುಂದಿನ ತಿಂಗಳಿಂದ: ಸಣ್ಣ ಪೂರೈಕೆದಾರರ ಹಣ ಈಗ ಎಷ್ಟು ದಿನ ತಡ?’ ಸಂಸ್ಥೆಯ ಹೆಸರು ಅಲ್ಲಿರಲಿಲ್ಲ. ಒಳಗಿನ ಮೊದಲ ಸಾಲಿನಲ್ಲಿ ನಿಯಮ ಮತ್ತು ದಿನಾಂಕ, ಎರಡನೆಯದರಲ್ಲಿ ನಮ್ಮ ಅಂಕಿ, ಮೂರನೆಯದರಲ್ಲಿ ಗ್ರಾಹಕರು ಇಂದೇ ಫೋನಿಗೆ ಸಿಗುತ್ತಾರೆಂಬ ಮಾತು. ಕೆಳಗೆ ಅದೇ ಇಮೇಲ್‌ನಲ್ಲಿ, ಲಗತ್ತು ಮಾಡದೆ, ಒಂದು ಪುಟ ಮೀರದ ಪ್ರಕಟಣೆ. ಸಂಸ್ಥಾಪಕರ ಹೇಳಿಕೆಯಿಂದ ‘ಕ್ರಾಂತಿಕಾರಿ’, ‘ಹೆಮ್ಮೆಯ ಕ್ಷಣ’ ಎಂಬುವನ್ನು ಕಿತ್ತುಹಾಕಿ, ಗಡುವಿನ ನಿಯಮ ಬಂದರೂ ಹಣ ತಡವಾಗುವುದು ಎಲ್ಲಿ ಎಂಬ ಅವರ ಅಭಿಪ್ರಾಯವನ್ನಷ್ಟೇ ಉಳಿಸಿದೆ. ಹೊಸ ಆವೃತ್ತಿಗೆ ಕೊನೆಯಲ್ಲಿ ಒಂದು ವಾಕ್ಯ ಸಿಕ್ಕಿತು.

ವರದಿಗಾರ್ತಿ ಮರಳಿ ಕೇಳಿದ್ದು ನಾನು ಎದುರುನೋಡುತ್ತಿದ್ದ ಪ್ರಶ್ನೆಯನ್ನೇ: ‘ಈ ಅಂಕಿ ಎಷ್ಟು ಬಿಲ್‌ಗಳದ್ದು, ಯಾವ ಅವಧಿಯದ್ದು? ನಿಮ್ಮ ತಂತ್ರಾಂಶ ಕೊಳ್ಳುವವರೇ ಹಣ ಬಾರದೆ ಕಂಗೆಟ್ಟವರಲ್ಲವೇ?’ ಪ್ರಶ್ನೆ ನ್ಯಾಯವಾದದ್ದು. ನಮ್ಮ ಗ್ರಾಹಕರು ಇಡೀ ಮಾರುಕಟ್ಟೆಯ ಪ್ರತಿಬಿಂಬವಲ್ಲವೆಂದು ಪ್ರಕಟಣೆಯಲ್ಲೇ ಬರೆದಿದ್ದೆ. ಲೆಕ್ಕದ ಹಾಳೆಯನ್ನೂ ಆಗಲೇ ಕಳುಹಿಸಿದೆ. ಮಿತಿಯನ್ನು ಮುಚ್ಚಿಟ್ಟಿದ್ದರೆ ಅಂಕಿಯ ಮೇಲಿನ ನಂಬಿಕೆ ಅಲ್ಲಿಗೇ ಮುಗಿಯುತ್ತಿತ್ತು.

ಇಂಥ ದಿನಾಂಕ ಕೈಯಲ್ಲಿದ್ದಾಗ ಸಮಯವೂ ಮುಖ್ಯ. ನಿಯಮ ಜಾರಿಯಾಗುವ ದಿನವೇ ಕಳುಹಿಸಿದರೆ ಸುದ್ದಿಮನೆಯ ಯೋಜನೆ ಮುಗಿದಿರುತ್ತದೆ, ಬಹಳ ಮೊದಲೇ ಕಳುಹಿಸಿದರೆ ಮರೆತುಹೋಗುತ್ತದೆ. ನಾನು ಎರಡು ವಾರದ ಅಂತರ ಇಟ್ಟುಕೊಂಡೆ. ಉತ್ತರ ಬಾರದಿದ್ದರೆ ಒಮ್ಮೆ ಮಾತ್ರ ಮತ್ತೆ ಬರೆಯುತ್ತೇನೆ, ಅದೂ ಹೊಸ ಮಾಹಿತಿಯಿದ್ದರೆ. ‘ನನ್ನ ಇಮೇಲ್ ನೋಡಿದಿರಾ?’ ಎಂಬುದು ಮಾಹಿತಿಯಲ್ಲ.

ವರದಿ ಗ್ರಾಹಕರ ಮಾತಿನಿಂದಲೇ ಆರಂಭವಾಯಿತು. ಸಂಸ್ಥೆಯ ಹೆಸರು ನಡುವೆ ಒಮ್ಮೆ, ಅಂಕಿಯ ಮೂಲವಾಗಿ ಬಂದಿತ್ತು. ಹೊಸ ಆವೃತ್ತಿಯ ಪ್ರಸ್ತಾಪವೇ ಇರಲಿಲ್ಲ. ಹೀಗಾಗಬಹುದೆಂದು ಸಂಸ್ಥಾಪಕರಿಗೆ ಮೊದಲೇ ಹೇಳಿ ಒಪ್ಪಿಸಿದ್ದೆ.