ಹಳೇ ಕಾರಿನ ಆಕ್ಸಿಡೆಂಟ್: ಸುಳಿವು ಪಾಲಿಸಿಯಲ್ಲೇ ಇದೆ

'ಆಕ್ಸಿಡೆಂಟ್ ಏನೂ ಆಗಿಲ್ಲ, ಬೇಕಾದ್ರೆ ಇನ್ಶೂರೆನ್ಸ್ ನೋಡಿ, ಬೋನಸ್ ಇದೆ' ಅಂತಾರೆ ಕಾರು ಮಾರುವವರು. ನೋಡಿ, ಆದರೆ ಈ ವರ್ಷದ್ದೊಂದೇ ಸಾಲದು. ಕಾರು ಕೊಂಡಾಗಿನಿಂದ ಇರುವ ಎಲ್ಲ ಪಾಲಿಸಿಗಳನ್ನೂ ಕೇಳಿ ತೆಗೆದುಕೊಳ್ಳಿ.

ಪ್ರತಿ ಪಾಲಿಸಿಯಲ್ಲಿ ಪ್ರೀಮಿಯಂ ಲೆಕ್ಕದ ಭಾಗದಲ್ಲಿ 'ಓನ್ ಡ್ಯಾಮೇಜ್', ಅಂದರೆ ಸ್ವಂತ ಕಾರಿನ ಹಾನಿಯ ವಿಮೆ, ಅದರ ಕೆಳಗೆ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ್ದಕ್ಕೆ ಆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಎಷ್ಟು ಅಂತ ಇರುತ್ತದೆ. ಕ್ಲೈಮ್ ಇಲ್ಲದೆ ಒಂದು ವರ್ಷ ಕಳೆದರೆ ಶೇ 20, ಆಮೇಲೆ ವರ್ಷ ವರ್ಷ 25, 35, 45, ಕೊನೆಗೆ 50. ಅಲ್ಲಿಗೆ ನಿಲ್ಲುತ್ತದೆ. ನಡುವೆ ಕ್ಲೈಮ್ ಮಾಡಿದರೆ ಸಾಮಾನ್ಯವಾಗಿ ಮತ್ತೆ ಸೊನ್ನೆ.

ಒಂದು ಲೆಕ್ಕ ಹಾಕೋಣ. ವಿರಾಜಪೇಟೆಯಲ್ಲಿ ಮಾರಾಟಕ್ಕಿರುವ ಕೆಎ-12 ಕಾರು, 2019ರ ಜೂನ್‌ನಲ್ಲಿ ಕೊಂಡದ್ದು, ಮೊದಲಿನಿಂದಲೂ ಒಬ್ಬರೇ ಮಾಲೀಕರು ಅಂದುಕೊಳ್ಳಿ. 2025ರ ಜೂನ್‌ನ ಪಾಲಿಸಿಯಲ್ಲಿ ಬೋನಸ್ 25. ಕೇಳಲು ಚೆನ್ನಾಗಿದೆ, ಆದರೆ ಕ್ಲೈಮ್ ಇಲ್ಲದಿದ್ದರೆ ಅದು 50 ಇರಬೇಕಿತ್ತು, ಅಲ್ವಾ? ಹಿಂದಕ್ಕೆ ಹೋದರೆ 2024ರಲ್ಲಿ 20, 2023ರಲ್ಲಿ ಸೊನ್ನೆ, 2022ರಲ್ಲಿ 35. ಇಲ್ಲಿ ಬಹಳ ಜನ ವರ್ಷ ತಪ್ಪಿಸುತ್ತಾರೆ. ಸೊನ್ನೆ ಕಂಡದ್ದು 2023ರಲ್ಲಾದರೂ ಕ್ಲೈಮ್ ಆಗಿದ್ದು ಅದರ ಹಿಂದಿನ ಪಾಲಿಸಿಯಲ್ಲಿ, ಅಂದರೆ 2022ರ ಜೂನ್‌ನಿಂದ 2023ರ ಜೂನ್ ಒಳಗೆ.

ಸೊನ್ನೆ ಕಂಡ ಕೂಡಲೇ ಜಗಳ ಬೇಡ. ಪಾಲಿಸಿ ಮುಗಿದು 90 ದಿನ ದಾಟಿದರೂ ಬೋನಸ್ ಹೋಗುತ್ತದೆ. ಮಾಲೀಕರು ಬದಲಾದರೂ ಹೋಗುತ್ತದೆ, ಏಕೆಂದರೆ ಅದು ಕಾರಿನದಲ್ಲ, ಮಾಲೀಕರದು. ಹಾಗಾಗಿ ಪಾಲಿಸಿ ತಾರೀಖುಗಳಲ್ಲಿ ಗ್ಯಾಪ್ ಇದೆಯೇ, ಆರ್‌ಸಿಯಲ್ಲಿ ಎಷ್ಟನೇ ಮಾಲೀಕರು ಅಂತಿದೆ, ನೋಡಿಕೊಳ್ಳಿ. ಎರಡೂ ಸರಿಯಿದ್ದರೆ ಉಳಿಯುವುದು ಕ್ಲೈಮ್.

ಈಗ ಅದು ಎಂಥ ಕ್ಲೈಮ್ ಅಂತ ತಿಳಿಯಬೇಕು. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ಗಾಜು ಒಡೆದಿರಬಹುದು, ಅದು ದೊಡ್ಡ ವಿಷಯವಲ್ಲ. ಆದರೆ ನೀರು ನುಗ್ಗಿದ್ದೋ ಚಾಸಿಗೆ ಪೆಟ್ಟು ಬಿದ್ದದ್ದೋ ಆದರೆ ಲೆಕ್ಕವೇ ಬೇರೆ. ಮಾರುವವರು ತಮ್ಮ ನೋಂದಾಯಿತ ಮೊಬೈಲ್‌ನಿಂದ ಕಂಪನಿಗೆ ಕರೆ ಮಾಡಿ ಕ್ಲೈಮ್ ವಿವರ ಕೇಳಬಹುದು. ರಿಪೇರಿ ಬಿಲ್ ಸಿಕ್ಕರೆ ಇನ್ನೂ ಒಳ್ಳೆಯದು. ಬಂಪರ್, ಹೆಡ್‌ಲೈಟ್ ಮಾತ್ರ ಇದ್ದರೆ ಸರಿ, ಏರ್‌ಬ್ಯಾಗ್, ರೇಡಿಯೇಟರ್ ಸಪೋರ್ಟ್, ಏಪ್ರನ್ ಅಂತಿದ್ದರೆ ಬಾಡಿ ಮೆಕ್ಯಾನಿಕ್ ಕರೆದುಕೊಂಡು ಹೋಗಿ.

ಇದರ ಉಲ್ಟಾ ಕೂಡ ಇದೆ. ಬೋನಸ್ ಉಳಿಸಿಕೊಳ್ಳಲು ಕೈಯಿಂದ ದುಡ್ಡು ಕೊಟ್ಟು ರಿಪೇರಿ ಮಾಡಿಸುವವರು ಜಾಸ್ತಿ. ಬೋನಸ್ ಪ್ರೊಟೆಕ್ಷನ್ ಆಡ್-ಆನ್ ಇದ್ದರೆ ಕ್ಲೈಮ್ ಆದ ಮೇಲೂ ಬೋನಸ್ ನಿಲ್ಲುತ್ತದೆ. ಹಳೇ ಕಾರಿನ ಬೋನಸನ್ನು ಈ ಕಾರಿಗೆ ತಂದಿದ್ದರೆ ಮೊದಲ ವರ್ಷವೇ 50 ಇರಬಹುದು. ಥರ್ಡ್ ಪಾರ್ಟಿ ಮಾತ್ರ ಇದ್ದ ವರ್ಷಗಳಲ್ಲಿ ಈ ಸಾಲೇ ಇರುವುದಿಲ್ಲ. ಅಂಥ ಕಾರಿಗೆ ಕಾಗದ ಬದಿಗಿಟ್ಟು ಬಾನೆಟ್ ಎತ್ತಿ, ಬೋಲ್ಟ್‌ಗಳ ಪೇಂಟ್ ಕಿತ್ತಿದೆಯೇ ನೋಡಿ.