ಕತ್ತರಿಸಿದ ಹೂವಿನ ಹಿಂದೆ ಬಿಳಿ ಚೌಕ ಬಂದದ್ದೇಕೆ?

ಕೆಂಪು ಹೂವೊಂದರ ಫೋಟೊದಿಂದ ಹಿನ್ನೆಲೆಯನ್ನೆಲ್ಲ ಅಳಿಸಿದ್ದೀರಿ. ಹೂವಿನ ಸುತ್ತ ಬೂದು-ಬಿಳಿ ಚದುರಂಗದ ಮನೆಗಳು ಕಾಣುತ್ತಿವೆ. ಅಂದರೆ ಅಲ್ಲಿ ಏನೂ ಇಲ್ಲ, ಪಾರದರ್ಶಕ. ಅದನ್ನು ಜೆಪೆಗ್ ಆಗಿ ಉಳಿಸಿ ಕಡುನೀಲಿ ಪೋಸ್ಟರ್ ಮೇಲೆ ಇಟ್ಟರೆ ಹೂವು ಬಿಳಿ ಚೌಕವನ್ನು ಹೊತ್ತುಕೊಂಡೇ ಬರುತ್ತದೆ.

ಕತ್ತರಿಸಿದ್ದರಲ್ಲಿ ತಪ್ಪಿಲ್ಲ. ಜೆಪೆಗ್ ಕಡತವು ಪ್ರತಿ ಪಿಕ್ಸೆಲ್‌ಗೆ ಬಣ್ಣವನ್ನು ಮಾತ್ರ ಬರೆದಿಡುತ್ತದೆ. 'ಇಲ್ಲಿ ಬಣ್ಣವೇ ಇಲ್ಲ' ಎಂದು ಹೇಳಲು ಅದರಲ್ಲಿ ಜಾಗವಿಲ್ಲ. ಹಾಗಾಗಿ ಉಳಿಸುವಾಗ ಖಾಲಿ ಜಾಗಕ್ಕೆ ಯಾವುದಾದರೂ ಬಣ್ಣ ತುಂಬಲೇಬೇಕು. ಸಾಮಾನ್ಯವಾಗಿ ಬಿಳಿ, ಕೆಲವು ತಂತ್ರಾಂಶಗಳಲ್ಲಿ ಕಪ್ಪು. ಪಿಎನ್‌ಜಿಯಲ್ಲಾದರೆ ಕೆಂಪು, ಹಸಿರು, ನೀಲಿಯ ಜೊತೆಗೆ ಆಲ್ಫಾ ಎಂಬ ನಾಲ್ಕನೆಯ ಸಂಖ್ಯೆಯೂ ಇರಬಹುದು. ಅದು 0 ಆದರೆ ಪಿಕ್ಸೆಲ್ ಕಾಣುವುದೇ ಇಲ್ಲ, 255 ಆದರೆ ಪೂರ್ತಿ ಕಾಣುತ್ತದೆ, 128 ಆದರೆ ಹೆಚ್ಚುಕಡಿಮೆ ಅರ್ಧ.

ಉಚಿತ ತಂತ್ರಾಂಶ ಜಿಂಪ್‌ನಲ್ಲಿ ಮಾಡುವ ಬಗೆ ಹೀಗಿದೆ. ಮೂಲ ಫೋಟೊವನ್ನು ತೆರೆದು `Layer > Transparency > Add Alpha Channel` ಒತ್ತಿ. ಆ ಆಯ್ಕೆ ಮಸುಕಾಗಿದ್ದರೆ ಪದರಕ್ಕೆ ಆಲ್ಫಾ ಈಗಾಗಲೇ ಇದೆ ಎಂದರ್ಥ. ಹಿನ್ನೆಲೆಯನ್ನು ಆಯ್ಕೆ ಮಾಡಿ `Delete` ಒತ್ತಿದರೆ ಚದುರಂಗದ ಮನೆಗಳು ಕಾಣಬೇಕು. ಬದಲಿಗೆ ಬಣ್ಣ ತುಂಬಿಕೊಂಡರೆ ಆಲ್ಫಾ ಸೇರಿಲ್ಲ. ಆಮೇಲೆ `File > Export As` ತೆರೆದು ಹೆಸರನ್ನು `flower.png` ಎಂದು ಕೊಡಿ.

ಈಗಾಗಲೇ ಜೆಪೆಗ್ ಆಗಿರುವ ಕಡತದ ಹೆಸರಿನ ಕೊನೆಯನ್ನು `.png` ಎಂದು ಬದಲಿಸಿದರೆ ಪ್ರಯೋಜನವಿಲ್ಲ. ಅದನ್ನು ನಿಜವಾಗಿಯೇ ಪಿಎನ್‌ಜಿಗೆ ಪರಿವರ್ತಿಸಿದರೂ ಬಿಳಿ ಉಳಿಯುತ್ತದೆ, ಏಕೆಂದರೆ ಆ ಬಿಳಿ ಈಗ ಚಿತ್ರದ್ದೇ ಬಣ್ಣ.

ಆ ಬಿಳಿಯನ್ನು ಅಳಿಸಿಬಿಟ್ಟರಾಯಿತಲ್ಲ ಎನ್ನಬಹುದು. ತೊಂದರೆ ಇರುವುದು ಅಂಚಿನಲ್ಲಿ. ದಳದ ಅಂಚಿನ ಒಂದು ಪಿಕ್ಸೆಲ್‌ನ ಬಣ್ಣ 200, 30, 30, ಆಲ್ಫಾ 128 ಎಂದುಕೊಳ್ಳಿ. ಜೆಪೆಗ್‌ಗಾಗಿ ಬಿಳಿಯೊಡನೆ ಬೆರೆತಾಗ ಅದು ಸುಮಾರು 227, 142, 142 ಆಗುತ್ತದೆ. ಕೆಂಪು ಹೋಗಿ ಗುಲಾಬಿ. ಬಿಳಿಯನ್ನು ಅಳಿಸಿದರೂ ಈ ಗುಲಾಬಿ ಉಳಿದು, ಕಡುನೀಲಿಯ ಮೇಲೆ ಹೂವಿನ ಸುತ್ತ ತೆಳುಗೆರೆಯಾಗಿ ಎದ್ದು ಕಾಣುತ್ತದೆ. ಜೊತೆಗೆ ಜೆಪೆಗ್ ಸಂಕೋಚನವು ಅಂಚಿನ ಪಕ್ಕದ ಬಿಳಿಯನ್ನೂ ಕದಡುವುದರಿಂದ ಅಲ್ಲಲ್ಲಿ ಚುಕ್ಕೆಗಳು ಉಳಿಯುತ್ತವೆ. ಇದನ್ನು ತೇಪೆ ಹಾಕಿ ಸರಿಪಡಿಸುವ ಬದಲು ಮೂಲ ಫೋಟೊದಿಂದಲೇ ಮತ್ತೆ ಕತ್ತರಿಸುವುದು ಮೇಲು. ಪದರಗಳಿರುವ ಜಿಂಪ್‌ನದೇ `.xcf` ಕಡತವನ್ನು ಉಳಿಸಿಕೊಂಡಿದ್ದರೆ ಆ ಶ್ರಮವೂ ಇಲ್ಲ, ಅದರಿಂದಲೇ ಪಿಎನ್‌ಜಿ ತೆಗೆಯಬಹುದು.

ಪರೀಕ್ಷೆಯನ್ನು ಬಿಳಿ ಪುಟದ ಮೇಲೆ ಮಾಡಬೇಡಿ, ಅಲ್ಲಿ ಬಿಳಿ ಚೌಕವೂ ಪಾರದರ್ಶಕತೆಯೂ ಒಂದೇ ರೀತಿ ಕಾಣುತ್ತವೆ. ಹೂವಿನ ಕೆಳಗೆ ಗಾಢ ಬಣ್ಣದ ಪದರವೊಂದನ್ನು ಇಟ್ಟು, ಹಿಗ್ಗಿಸಿ, ಅಂಚಿನ ಸುತ್ತ ಒಮ್ಮೆ ಕಣ್ಣಾಡಿಸಿ.